ಹೇಳೋದು ಸಣ್ಣ ಡಾಕ್ಟ್ರು, ಕೊಯ್ಯೋದು ನಾನು

ನಾನು ಸರ್ಜನ್. ಬಾಗಲಕೋಟೆಯ ನವನಗರದ ಒಂದು ಖಾಸಗಿ ದವಾಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ್ದೇನೆ. ಇಳಕಲ್ಲಿನಲ್ಲಿ ಮಗ್ಗದ ಮೇಲೆ ಸೀರೆ ನೇಯ್ದು ನನ್ನ ಅಪ್ಪ ನನ್ನನ್ನು ಓದಿಸಿದ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಂದಿ ಒಳಗೆ ಬಂದು, ನನ್ನ ಮುಖ ನೋಡಿ, "ನೀವು ಹೆರಿಗಿ ಡಾಕ್ಟ್ರೇನ್ರಿ?" ಎಂದು ಕೇಳುತ್ತಿದ್ದರು. ಅಲ್ಲ, ಹೊಟ್ಟೆ, ಗಂಟಲು, ಹರ್ನಿಯಾ ಎಲ್ಲ ಕೊಯ್ಯುವವಳು ಎಂದರೆ ಮೆಲ್ಲಗೆ ಎದ್ದು ಹೋಗುತ್ತಿದ್ದರು. ಅಂಥವರು ಕೂತು, "ನಿಮ್ಮ ಕೈಗುಣ ಚಲೋ ಐತ್ರಿ ಮೇಡಂ, ನೀವು ಹೇಳಿದಂಗ" ಎನ್ನುವ ಹೊತ್ತಿಗೆ ನನ್ನ ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾಗಿತ್ತು. "ನೀವು ಹೇಳಿದಂಗ" ಅನ್ನುವ ಆ ಮಾತನ್ನೇ ನಾನು ಸಂಪಾದನೆ ಅಂದುಕೊಂಡಿದ್ದೆ.

ಅದಕ್ಕೇ ಇರಬೇಕು, ಅವನು ಬಂದಾಗ ನನಗೆ ಅಷ್ಟು ಉರಿದದ್ದು.

ಅವನು ಕಲಾದಗಿ ಕಡೆಯ ಒಕ್ಕಲುತನದ ಮನೆಯ ಹುಡುಗ. ಎಂ.ಎಸ್. ಮುಗಿಸಿ ನನ್ನ ಕೈಕೆಳಗೆ ಸೇರಿದ. ಕೆಲಸ ಚೊಕ್ಕ, ಮಾತು ಮೆತ್ತಗೆ. ಸೇರಿ ಎರಡು ತಿಂಗಳಾಗಿರಲಿಲ್ಲ, ವಾರ್ಡಿನ ಸಿಸ್ಟರುಗಳು ಅವನನ್ನು "ಸಣ್ಣ ಡಾಕ್ಟ್ರು" ಎನ್ನತೊಡಗಿದರು. ಹಾಗೆಂದರೆ ನಾನು ದೊಡ್ಡ ಡಾಕ್ಟ್ರು. ಕೇಳಲು ಗೌರವದ ಹೆಸರೇ. ಆದರೆ ಸಣ್ಣ ಡಾಕ್ಟ್ರು ಅನ್ನುವಾಗ ಅವರ ಬಾಯಲ್ಲಿ ಒಂದು ಸಲಿಗೆ ಇರುತ್ತಿತ್ತು. ದೊಡ್ಡ ಡಾಕ್ಟ್ರು ಅನ್ನುವಾಗ ಅವರು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಅವನದೊಂದು ರೀತಿ ಇತ್ತು. ರೋಗಿಯ ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತುಬಿಡುತ್ತಿದ್ದ. ಕಾಗದದ ಹಿಂಬದಿಗೆ ಪೆನ್ನಿನಿಂದ ಹೊಟ್ಟೆಯದೋ ಕೊರಳಿನದೋ ಚಿತ್ರ ಬರೆದು ತೋರಿಸುತ್ತಿದ್ದ. ಎಲ್ಲ ಹೇಳಿಯಾದ ಮೇಲೆ, "ಈಗ ನೀವು ನನಗ ಹೇಳ್ರಿ, ನಾ ಏನ್ ಹೇಳ್ದೆ? ನಾ ಬರೋಬ್ಬರಿ ಹೇಳೀನೋ ಇಲ್ಲೋ ನೋಡೂಣು" ಎನ್ನುತ್ತಿದ್ದ. ರೋಗಿ ತಪ್ಪಿ ಹೇಳಿದರೆ ಮತ್ತೆ ಮೊದಲಿನಿಂದ ಹೇಳುತ್ತಿದ್ದ. ನಾನು ಮೂವತ್ತು ರೋಗಿಗಳನ್ನು ನೋಡಿ ಮುಗಿಸುವಷ್ಟರಲ್ಲಿ ಅವನು ಒಬ್ಬರ ಹತ್ತಿರ ಕೂತಿರುತ್ತಿದ್ದ. ಒಂದು ಶನಿವಾರ ತುಳಸಿಗೇರಿಯ ಮುದುಕಿಯೊಬ್ಬಳು ಹನುಮಪ್ಪನ ಪ್ರಸಾದ ತಂದಿದ್ದಳು. ಅವಳ ಪಿತ್ತಕೋಶದ ಕಲ್ಲು ತೆಗೆದವಳು ನಾನು. ನನ್ನ ಕೋಣೆಯ ಬಾಗಿಲು ದಾಟಿ ಹೋಗಿ, ಮೊದಲು ಅವನ ಕೈಗೆ ಪ್ರಸಾದ ಹಾಕಿ, ಆಮೇಲೆ ನನ್ನ ಕಡೆ ಬಂದಳು. ಆ ಪ್ರಸಾದವನ್ನು ನಾನು ತಿನ್ನಲಿಲ್ಲ, ಸಿಸ್ಟರಿಗೆ ಕೊಟ್ಟೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ನಮ್ಮಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಕೆಲಸ ಬಹಳ ವರ್ಷ ಸಿಸ್ಟರುಗಳದ್ದೇ ಆಗಿತ್ತು. ಹಿಂದಿನ ದಿನ ಸಂಜೆ ಅಚ್ಚಾದ ಕಾಗದ ತಂದು, "ಇಲ್ಲಿ ಸಹಿ ಮಾಡ್ರಿ" ಎನ್ನುವರು. ಹೆಂಗಸಾದರೆ ಗಂಡ ಮಾಡುವನು, ಮುದುಕರಾದರೆ ಮಗ. ಒಳಗೆ ಏನು ಬರೆದಿದೆ ಎಂದು ಯಾರೂ ಓದುತ್ತಿರಲಿಲ್ಲ. ಇದು ಸರಿಯಲ್ಲ ಎಂದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಪ್ರಾಯಕ್ಕೆ ಬಂದು ಬುದ್ಧಿ ಸ್ಥಿಮಿತದಲ್ಲಿರುವ ರೋಗಿಯ ಒಪ್ಪಿಗೆ ರೋಗಿಯದೇ, ಬೇರೆ ಯಾರದೂ ನಡೆಯುವುದಿಲ್ಲ. ಅದನ್ನು ಆಪರೇಶನ್ ಮಾಡುವ ವೈದ್ಯರೇ ತಿಳಿಸಿ ಹೇಳಿ ಪಡೆಯಬೇಕು ಎಂದು ನಾನೂ ಓದಿದ್ದೆ. ಓದಿ ಬದಿಗಿಟ್ಟಿದ್ದೆ, ಅಷ್ಟೇ. ಅವನು ಬಂದ ಮೇಲೆ, "ಒಪ್ಪಿಗಿ ಮಾತು ನಾ ಆಡ್ತೇನ್ರಿ ಮೇಡಂ" ಎಂದ. ಒಂದು ಕೆಲಸ ತಪ್ಪಿತು ಎಂದು ನಾನು ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟದ್ದು ಏನು ಎಂದು ಆಮೇಲೆ ತಿಳಿಯಿತು.

ಬಾದಾಮಿಯಿಂದ ಒಬ್ಬ ರೋಗಿ ಬಂದ. ನಲವತ್ತೈದರ ಆಸುಪಾಸು. ಕೊರಳಿನ ಬಲಗಡೆ ನಿಂಬೆಹಣ್ಣಿನ ಗಾತ್ರದ ಥೈರಾಯ್ಡ್ ಗಡ್ಡೆ. ಸೂಜಿ ಹಾಕಿ ಪರೀಕ್ಷೆ ಮಾಡಿಸಿದ್ದೆವು, ಕ್ಯಾನ್ಸರ್ ಲಕ್ಷಣ ಇರಲಿಲ್ಲ. ರಕ್ತಪರೀಕ್ಷೆಯೂ ಸರಿ ಇತ್ತು. ನುಂಗಲು, ಉಸಿರಾಡಲು ತೊಂದರೆ ಇರಲಿಲ್ಲ. ಹೆಂಡತಿ ಕಾಟ ತಡೆಯಲಾರದೆ ಬಂದಿದ್ದ. ನಾನು ಕೊರಳು ಮುಟ್ಟಿ ನೋಡಿ, "ತಗದುಬಿಡೂಣು, ಭಾಳ ದೊಡ್ಡದೇನಲ್ಲ ಕೆಲಸ" ಎಂದೆ. "ಹೂಂ ರೀ" ಎಂದ. ಐದು ನಿಮಿಷವೂ ಆಗಿರಲಿಲ್ಲ.

ಆಪರೇಶನ್ನಿನ ದಿನ ಬೆಳಿಗ್ಗೆ ಥಿಯೇಟರು ಸಿದ್ಧವಾಗಿತ್ತು, ಅರಿವಳಿಕೆ ಡಾಕ್ಟರು ಬಂದು ಕೂತಿದ್ದರು. ಸಿಸ್ಟರು ಬಂದು, "ಮೇಡಂ, ಬಾದಾಮಿಯವರು ಒಲ್ಲೆ ಅನ್ನಾಕತ್ತಾರ್ರಿ" ಎಂದರು.

ವಾರ್ಡಿಗೆ ಹೋದೆ. ಅವನು ತನ್ನ ಅಂಗಿಯನ್ನೇ ಹಾಕಿಕೊಂಡು ಮಂಚದ ಮೇಲೆ ಕೂತಿದ್ದ. ಪಕ್ಕದಲ್ಲಿ ಹೆಂಡತಿ ಚೀಲ ಕಟ್ಟುತ್ತಿದ್ದಳು.

"ಏನಾತು? ಅಂಜಿಕಿ ಆತೇನು?" ಎಂದೆ.

"ಅಂಜಿಕಿ ಅಲ್ರಿ ಮೇಡಂ. ನಿನ್ನೆ ಸಂಜಿಮುಂದ ಸಣ್ಣ ಡಾಕ್ಟ್ರು ಎಲ್ಲ ಬಿಡಿಸಿ ಹೇಳಿದ್ರು. ಗಡ್ಡಿ ಹಿಂದ ದನಿಯ ನರ ಐತಂತ. ನೂರು ಮಂದ್ಯಾಗ ಒಬ್ಬಿಬ್ಬರಿಗೆ ಅದಕ್ಕ ಪೆಟ್ಟಾಗಿ ದನಿ ಕಾಯಂ ಒಡೀತೈತಂತ. ಇನ್ನೂ ಸ್ವಲ್ಪ ಮಂದಿಗೆ ಕೆಲವು ತಿಂಗಳ ಮಟ್ಟ. ನನ್ನ ಕೆಲಸ ಏನು ಅಂತ ಕೇಳಿದ್ರು. ನಾ ಗೈಡ್ ಅದೇನ್ರಿ. ಗುಹಾದಾಗ ನಿಂತು ಮಂದಿಗೆ ಕಥಿ ಹೇಳಾಂವ. ದನಿ ಹೋದ್ರ ನನ್ನ ಹಂತೇಕ ಮತ್ತೇನೈತ್ರಿ?"

"ಗೈಡ್ ಅಂತ ನನಗ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ರಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದ.

ನಾನು ನನ್ನ ಕೋಣೆಗೆ ಬಂದು ಹುಡುಗನನ್ನು ಕರೆಸಿದೆ. "ರೋಗಿನ ಅಂಜಿಸಿ ಓಡ್ಸಿದ್ಯಲ್ಲ, ಸಮಾಧಾನ ಆತೇನು?" ಎಂದೆ.

"ಅಂಜಿಸ್ಲಿಲ್ರಿ ಮೇಡಂ. ತಗಸಿದ್ರ ಏನು ಲಾಭ ಅಂತನೂ ಹೇಳೇನಿ. ತಗಸದಿದ್ರ ಏನಾಗಬಹುದು ಅಂತನೂ ಹೇಳೇನಿ. ಈಗ ತ್ರಾಸ ಇಲ್ಲ, ಕ್ಯಾನ್ಸರ್ ಇಲ್ಲ, ಸ್ಕ್ಯಾನ್ ಮಾಡ್ಸಿಕೋತ ಕಾಯೂದೂ ಒಂದು ದಾರಿ. ದೊಡ್ಡ ಊರಾಗ ಸೂಜಿ ಚುಚ್ಚಿ ಶಾಖ ಕೊಟ್ಟು ಗಡ್ಡಿ ಸಣ್ಣದು ಮಾಡ್ತಾರ, ಅದು ನಮ್ಮಲ್ಲಿಲ್ಲ, ಅದರಾಗೂ ನರಕ್ಕ ಸ್ವಲ್ಪ ಅಪಾಯ ಐತಿ ಅಂತ ಹೇಳೇನಿ. ಅವರು ರಾತ್ರಿಯೆಲ್ಲ ವಿಚಾರ ಮಾಡಿ ಒಲ್ಲೆ ಅಂದ್ರು."

ಅದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಸಿಗದ್ದಕ್ಕೆ ಇನ್ನೂ ಸಿಟ್ಟು ಬಂತು. "ವೈದ್ಯರ ಸಲಹಿ ಮೀರಿ ಹೊಂಟಾರ, ಮುಂದ ನಮ್ಮ ಜವಾಬ್ದಾರಿ ಇಲ್ಲ ಅಂತ ಬರಸ್ಕೊಂಡು ಕಳಸು" ಎಂದೆ.

ಅವನು ಕಿಸೆಯಿಂದ ಪೆನ್ನು ತೆಗೆದ. ಆಮೇಲೆ, "ಒಲ್ಲೆ ಅಂದದ್ದನ್ನ ಕೇಸ್ ಶೀಟಿನಾಗ ಬರೀತೇನ್ರಿ, ಅವರ ಸಹಿನೂ ತಗೋತೇನಿ. ಆದ್ರ ಒಲ್ಲೆ ಅಂದ ಕೂಡಲೆ ಅವರು ನಮ್ಮ ರೋಗಿ ಅಲ್ಲ ಅಂತ ಆಗಂಗಿಲ್ರಲ್ಲ" ಎಂದ.

ಕೊನೆಗೆ ಅವನು ಬರೆದದ್ದನ್ನು ನಾನು ನೋಡಿದೆ. ರೋಗಿಗೆ ಏನೇನು ತಿಳಿಸಲಾಯಿತು, ರೋಗಿ ಏನು ತಿಳಿದುಕೊಂಡ, ಏಕೆ ಬೇಡವೆಂದ ಎಂದು ಕೇಸ್ ಶೀಟಿನಲ್ಲಿ ಬರೆದಿದ್ದ. ರೋಗಿಯ ಕೈಗೆ ಕನ್ನಡದಲ್ಲಿ ಬೇರೊಂದು ಚೀಟಿ: ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಗಡ್ಡೆ ದಿಢೀರನೆ ಬೆಳೆದರೆ, ನುಂಗಲು ತೊಂದರೆಯಾದರೆ, ಮಲಗಿದಾಗ ಉಸಿರು ಕಟ್ಟಿದರೆ, ದನಿ ಬದಲಾದರೆ ಕಾಯದೆ ಬನ್ನಿ, ಮನಸ್ಸು ಬದಲಾದರೆ ಯಾವಾಗಲಾದರೂ ಬನ್ನಿ. ಅಕ್ಷರ ಮುತ್ತಿನಂತಿತ್ತು. ಆ ಅಕ್ಷರದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ನಾಲ್ಕೈದು ತಿಂಗಳ ನಂತರ ಒಂದು ಭಾನುವಾರ ಹುನಗುಂದದಿಂದ ನನ್ನ ತಂಗಿ ಬಂದಿದ್ದಳು. ಅವಳನ್ನು ಕರೆದುಕೊಂಡು ಬಾದಾಮಿಗೆ ಹೋದೆ. ತಂಗಿಗೆ ಗುಹೆ ತೋರಿಸಲು ಅಂತ ಹೇಳಿದ್ದೆ. ನಿಜವಾಗಿ ಹೋದದ್ದು ಆ ಗೈಡ್‌ನ ಕೊರಳು ನೋಡಲು. ಗಡ್ಡೆ ಬೆಳೆದಿರಲಿ ಎಂದು ನನ್ನ ಮನಸ್ಸು ಒಳಗೊಳಗೇ ಬಯಸುತ್ತಿತ್ತು. ಬೆಳೆದಿದ್ದರೆ ಅವನು ಬಂದು, "ನೀವು ಹೇಳಿದ್ದ ಖರೆ ಇತ್ರಿ ಮೇಡಂ" ಎನ್ನುತ್ತಾನೆ. ಹುಡುಗ ತಲೆ ತಗ್ಗಿಸುತ್ತಾನೆ. ಒಬ್ಬ ವೈದ್ಯೆ ರೋಗಿಯ ಬಗ್ಗೆ ಇಂಥದ್ದನ್ನು ಬಯಸಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೆಟ್ಟಿಲು ಹತ್ತುವಾಗಲೇ ದನಿ ಕೇಳಿತು. ಮೂರನೆಯ ಗುಹೆಯೊಳಗೆ ಹತ್ತಿಪ್ಪತ್ತು ಮಂದಿ ಹೆಂಗಸರ ನಡುವೆ ನಿಂತಿದ್ದ. ತುಂಬಿದ, ದಪ್ಪ ದನಿ. ಕಂಬದಿಂದ ಕಂಬಕ್ಕೆ ಹೋಗುವಾಗ ಅದನ್ನು ಇಳಿಸಿ, ಮತ್ತೆ ಏರಿಸಿ, ಒಂದು ಕಡೆ ಪಿಸುಮಾತಿನಷ್ಟು ಸಣ್ಣಗೆ ಮಾಡಿದ. ಹೆಂಗಸರೆಲ್ಲ ಮುಂದಕ್ಕೆ ಬಾಗಿದರು. ಆಮೇಲೆ ಒಮ್ಮೆಲೇ ಎತ್ತರಿಸಿದಾಗ ಕೆಂಪು ಬಂಡೆ ಅವನಿಗೆ ಓಗೊಟ್ಟಿತು. ತಂಗಿ ನನ್ನ ಕೈ ಹಿಡಿದು, "ಏನ್ ದನಿ ಅಕ್ಕಾ ಇದು!" ಎಂದಳು. ಇದನ್ನು ನಾನು ಐದು ನಿಮಿಷದ ಮಾತಿನಲ್ಲಿ ಟೇಬಲ್ಲಿನ ಮೇಲೆ ಮಲಗಿಸಲು ಹೊರಟಿದ್ದೆ.

ಅವನು ನನ್ನನ್ನು ಗುರುತು ಹಿಡಿದು ಓಡಿಬಂದ. ಕೈ ಮುಗಿದ. "ಬರ್ರಿ ಮೇಡಂ, ಬರ್ರಿ! ಸಣ್ಣ ಡಾಕ್ಟ್ರು ಆರಾಮ ಅದಾರಿಲ್ರಿ?"

ಮೊದಲ ಮಾತೇ ಅದು. "ಆರಾಮ ಅದಾನ" ಎಂದೆ. ಗಡ್ಡೆ ಇದ್ದಷ್ಟೇ ಇತ್ತು.

ಮರುವರ್ಷ ಅವನೇ ದವಾಖಾನೆಗೆ ಬಂದ. ರೊಟ್ಟಿ ಗಂಟಲಲ್ಲಿ ನಿಂತಂತಾಗುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ ಎಂದ. ಚೀಟಿಯನ್ನು ಕಿಸೆಯಲ್ಲಿ ಇಟ್ಟುಕೊಂಡಿದ್ದ. ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದು ಶ್ವಾಸನಾಳವನ್ನು ಎಡಕ್ಕೆ ತಳ್ಳಿತ್ತು. ಮತ್ತೆ ಸೂಜಿ ಪರೀಕ್ಷೆ ಮಾಡಿಸಿದೆವು. ಕ್ಯಾನ್ಸರ್ ಲಕ್ಷಣ ಈಗಲೂ ಇರಲಿಲ್ಲ. ನಾನು ಒಮ್ಮೆ ಬಯಸಿದ್ದು ನನ್ನ ಮುಂದೆಯೇ ಬಂದು ಕೂತಿತ್ತು, ಸಂತೋಷ ಮಾತ್ರ ಆಗಲಿಲ್ಲ.

"ಈ ಸಲ ತಗಸೂದ ಚಲೋ ಅಂತ ನನಗ ಅನಸ್ತೈತಿ" ಎಂದೆ.

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಸಂಕೋಚದಿಂದ, "ಮೇಡಂ, ಹೇಳೂದು ಸಣ್ಣ ಡಾಕ್ಟ್ರು ಹೇಳ್ಲಿ. ಕೊಯ್ಯೂದು ನೀವ ಕೊಯ್ರಿ" ಎಂದ.

ನನ್ನ ಕೈಯನ್ನು ನಂಬಿದ್ದ, ನನ್ನ ಬಾಯನ್ನಲ್ಲ. ಹುಡುಗನನ್ನು ಕರೆಸಿದೆ. ಅವನು ಬಂದು, ವಿಷಯ ಕೇಳಿ, ತಲೆ ಅಲ್ಲಾಡಿಸಿದ. "ಇಲ್ರಿ. ಯಾರು ಕೊಯ್ತಾರ ಅವರ ಹೇಳ್ಬೇಕು. ಪುಸ್ತಕದ ಮಾತು ನಾ ಹೇಳಬಹುದು. ಮೇಡಂ ಅವರ ಕೈಯಾಗ ಏನೇನಾಗೈತಿ ಅಂತ ಅವರಿಗಷ್ಟ ಗೊತ್ತು" ಎಂದು ತನ್ನ ಸ್ಟೂಲನ್ನು ನನ್ನ ಕಡೆ ಸರಿಸಿದ. ನನ್ನ ಕೋಣೆಯಲ್ಲಿ ನನಗೇ ಸ್ಟೂಲು ಕೊಟ್ಟ. ಅದನ್ನು ಒದೆಯಬೇಕು ಅನಿಸಿತು. ಕೂತೆ.

ಗೈಡ್ ನನ್ನ ಮುಖವನ್ನೇ ನೋಡುತ್ತ ಕೇಳಿದ: "ನಿಮ್ಮ ಕೈಯಾಗ ಯಾರದರ ದನಿ ಹೋಗೇತೇನ್ರಿ?"

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಇಲ್ಲ ಎಂದಿದ್ದರೆ ನಂಬುತ್ತಿದ್ದ.

"ಹೋಗೇತಿ" ಎಂದೆ. "ಒಬ್ಬಾಕಿದು. ಕಾಯಿಪಲ್ಲೆ ಮಾರಾಕಿ. ನರ ಗಡ್ಡಿಗೆ ಅಂಟಿತ್ತು. ದನಿ ತಿರುಗಿ ಬರಲೇ ಇಲ್ಲ. ದನಿ ಹೋಗಬಹುದು ಅಂತ ಆಕಿಗೆ ನಾ ಮೊದಲ ಹೇಳಿರ್ಲಿಲ್ಲ. ಆಕಿ ಗಂಡನ ಕಡಿಂದ ಸಹಿ ತಗೊಂಡಿದ್ವಿ."

ಅವನ ಹೆಂಡತಿ ಬಾಯಿಗೆ ಸೆರಗು ಹಿಡಿದಳು. ಹುಡುಗ ಕಿಟಕಿಯ ಕಡೆ ನೋಡುತ್ತಿದ್ದ. ನಾನು ಮುಂದುವರಿಸಿದೆ. ಥೈರಾಯ್ಡ್ ಗ್ರಂಥಿಯ ಬಲ ಅರ್ಧ ಮಾತ್ರ ತೆಗೆಯಬಹುದು, ಇಲ್ಲವೆ ಪೂರ್ತಿ ತೆಗೆಯಬಹುದು. ಪೂರ್ತಿ ತೆಗೆದರೆ ಗಡ್ಡೆ ಮರಳಿ ಬರುವ ಭಯ ಇಲ್ಲ, ಆದರೆ ಎರಡೂ ಕಡೆಯ ನರಕ್ಕೆ ಅಪಾಯ, ಜೀವನಪೂರ್ತಿ ಗುಳಿಗೆ, ಕ್ಯಾಲ್ಸಿಯಂ ಕಡಿಮೆಯಾಗುವ ತೊಂದರೆಯೂ ಉಂಟು. ಅರ್ಧ ತೆಗೆದರೆ ಒಂದೇ ನರ. ಆದರೆ ಸ್ಕ್ಯಾನಿನಲ್ಲಿ ಎಡಗಡೆ ಕಂಡ ಸಣ್ಣ ಗಂಟು ಮುಂದೆ ಬೆಳೆಯಬಹುದು, ಗುಳಿಗೆ ಆಗಲೂ ಬೇಕಾಗಬಹುದು. ಆಪರೇಶನ್ ಆದ ಮೇಲೆ ರಕ್ತಸ್ರಾವವಾಗಿ ಕೊರಳು ಉಬ್ಬಿದರೆ ತುರ್ತಾಗಿ ಮತ್ತೆ ಬಿಚ್ಚಬೇಕಾದೀತು. ದನಿಯ ನರ ಉಳಿದರೂ ಕೆಲವು ತಿಂಗಳು ದನಿ ಒಡೆದಿರಬಹುದು, ಎತ್ತರದ ದನಿ ಮೊದಲಿನಷ್ಟು ಏರದಿರಬಹುದು. ಹುಬ್ಬಳ್ಳಿಯಂಥ ಊರಿನಲ್ಲಿ ನರ ಗುರುತಿಸುವ ಯಂತ್ರ ಇರುವ ದವಾಖಾನೆ ಸಿಗಬಹುದು, ಬೇಕಾದರೆ ಅಲ್ಲಿಗೆ ಚೀಟಿ ಬರೆದುಕೊಡುತ್ತೇನೆ. ಏನೂ ಮಾಡಿಸದಿದ್ದರೆ ಉಸಿರಿನ ತೊಂದರೆ ಹೆಚ್ಚುವ ಸಂಭವವೇ ಜಾಸ್ತಿ.

ಕೊನೆಗೆ, ನನ್ನ ಬಾಯಿಂದಲೇ ಬಂತು: "ಈಗ ನೀವು ನನಗ ಹೇಳ್ರಿ, ನಾ ಏನ್ ಹೇಳ್ದೆ?"

ಅವನು ಗೈಡ್ ಅಲ್ಲವೇ, ಒಂದೂ ಬಿಡದೆ ಕಥೆಯಂತೆ ಹೇಳಿದ. ವಿಚಾರ ಮಾಡಲು ಒಂದು ವಾರ ಕೇಳಿದ. ಆತುರವಿರಲಿಲ್ಲ, ಕೊಟ್ಟೆ. ಉಸಿರು ಹೆಚ್ಚು ಕಟ್ಟಿದರೆ ಮಾತ್ರ ಅಂದೇ ಬರಬೇಕು ಎಂದೆ.

ಆ ವಾರ ನಾನು ಇಳಕಲ್ಲಿಗೆ ಹೋಗಿ ಆ ಕಾಯಿಪಲ್ಲೆಯವಳನ್ನು ಹುಡುಕಿದೆ. ಪೇಟೆಯಲ್ಲಿ ಮೆಂತೆ, ಹಸಿಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಪಕ್ಕದವಳು ಕೂಗುತ್ತಿದ್ದಳು, ಇವಳು ಕೂಗುತ್ತಿರಲಿಲ್ಲ. ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂದು ಏನಾಗಿತ್ತು ಎಂದು ಎಲ್ಲ ಹೇಳಿದೆ. ನರಕ್ಕೆ ಪೆಟ್ಟಾದದ್ದು, ಆಗಬಹುದು ಎಂದು ನನಗೆ ಮೊದಲೇ ಗೊತ್ತಿದ್ದದ್ದು, ಹೇಳದೆ ಇದ್ದದ್ದು. ತಪ್ಪಾಯಿತು ಎಂದೆ.

ಗಾಳಿಯೇ ಹೆಚ್ಚಾದ ದನಿಯಲ್ಲಿ ಅವಳು, "ಹೇಳಿದ್ರೂ ನಾ ಮಾಡಿಸ್ಕೋತಿದ್ದೆ ಬಿಡ್ರಿ. ಉಸುರು ಕಟ್ಟತಿತ್ತು" ಎಂದಳು. ಸ್ವಲ್ಪ ಹೊತ್ತು ಮೆಂತೆಗೆ ನೀರು ಚಿಮುಕಿಸಿದಳು. "ಆದ್ರ ನಾ ಏನೋ ಪಾಪ ಮಾಡೀನಿ, ಅದಕ್ಕ ದನಿ ಹೋತು ಅಂತ ಇಷ್ಟು ದಿನ ತಿಳಕೊಂಡಿದ್ನೆಲ್ರಿ. ಅದೊಂದು ಮೊದಲ ಹೇಳಬೇಕಿತ್ತು ನೀವು."

ದನಿಯ ತೊಂದರೆ ನೋಡುವ ಕಿವಿ-ಗಂಟಲಿನ ವೈದ್ಯರಿಗೆ ತೋರಿಸೋಣ, ಈಗಲೂ ಒಂದಿಷ್ಟು ಸುಧಾರಿಸಬಹುದು, ಖಾತ್ರಿ ಇಲ್ಲ ಎಂದೆ. "ನೋಡೂಣ್ರಿ" ಎಂದಳು. ಮೂರು ಸಲ ಫೋನ್ ಮಾಡಿದರೂ ಅವಳು ಬರಲಿಲ್ಲ. ಅದು ಅವಳ ಇಷ್ಟ.

ಗೈಡ್ ವಾರಕ್ಕೆ ಸರಿಯಾಗಿ ಬಂದ. ಅರ್ಧ ಮಾತ್ರ, ಇಲ್ಲೇ, ನನ್ನ ಕೈಯಲ್ಲೇ ಎಂದ. ಒಪ್ಪಿಗೆ ಪತ್ರವನ್ನು ಸಾಲುಸಾಲಾಗಿ ಓದಿದ. 'ಅಗತ್ಯವೆನಿಸಿದ ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೂ ಒಪ್ಪಿಗೆ ಇದೆ' ಎಂಬ ಸಾಲಿನ ಮೇಲೆ ಬೆರಳಿಟ್ಟ. "ಇದು ಬ್ಯಾಡ್ರಿ. ಎಡಗಡಿದು ನನ್ನ ಕೇಳದ ಮುಟ್ಟಬಾರದು." ಜೀವಕ್ಕೆ ಅಪಾಯ ಬಂದರೆ ಉಳಿಸಲು ಬೇಕಾದಷ್ಟು ಮಾತ್ರ ಮಾಡುತ್ತೇನೆ, ಉಳಿದದ್ದಕ್ಕೆ ನೀವು ಎಚ್ಚರಾದ ಮೇಲೆ ಕೇಳುತ್ತೇನೆ ಎಂದು ಬರೆದು, ಆ ಸಾಲನ್ನು ಹೊಡೆದುಹಾಕಿದೆವು. ಇಬ್ಬರೂ ಪಕ್ಕದಲ್ಲಿ ಸಹಿ ಮಾಡಿದೆವು. ಹೆಂಡತಿ ಸಾಕ್ಷಿಗೆ ಸಹಿ ಮಾಡಿದಳು. ಅರಿವಳಿಕೆ ಡಾಕ್ಟರು ಬೇರೆಯಾಗಿ ಬಂದು ತಮ್ಮ ಮಾತು ಹೇಳಿ, ತಮ್ಮ ಕಾಗದಕ್ಕೆ ಸಹಿ ಪಡೆದರು. ಕಿವಿ-ಗಂಟಲಿನ ವೈದ್ಯರು ಸ್ವರತಂತು ಎರಡೂ ಸರಿಯಾಗಿ ಆಡುತ್ತಿವೆ ಎಂದು ಮೊದಲೇ ನೋಡಿ ಬರೆದಿದ್ದರು. ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರ್ ನಿಲ್ಲಿಸಿ ನಾನು ಕೇಳಿದೆ: "ಈಗ್ಲೂ ಒಲ್ಲೆ ಅನ್ನಬಹುದು ನೋಡ್ರಿ."

"ನಡೀರಿ ಮೇಡಂ" ಎಂದ.

ಬಿಳಿ ಎಳೆಯಂಥ ನರ ಗಡ್ಡೆಯ ಹಿಂದೆ ಜಗ್ಗಿಕೊಂಡಿತ್ತು. ಹುಡುಗ ಎದುರುಗಡೆ ನಿಂತು ಹಿಡಿದುಕೊಟ್ಟ. ಬಿಡಿಸಿದೆ. ತುಂಡಾಗಲಿಲ್ಲ. ಎಡಗಡೆಯ ಗಂಟು ಬೆರಳಿಗೆ ಸಿಕ್ಕಿತು. ಎರಡು ವರ್ಷ ಹಿಂದಾಗಿದ್ದರೆ, ಹೇಗೂ ಕೊರಳು ಬಿಚ್ಚಿದ್ದೇವೆ ಎಂದು ತೆಗೆದೇಬಿಡುತ್ತಿದ್ದೆ. ಬಿಟ್ಟೆ.

ಎಚ್ಚರಾದಾಗ ಅವನ ದನಿ ಒಡೆದಿತ್ತು. ಕೂಡಲೆ ಪರೀಕ್ಷೆ ಮಾಡಿಸಿದೆ. ಬಲ ಸ್ವರತಂತು ಮಂದವಾಗಿದೆ ಎಂದು ಕಿವಿ-ಗಂಟಲಿನ ವೈದ್ಯರು ಹೇಳಿದರು. ಗೈಡ್ ಹೆದರಲಿಲ್ಲ. "ನೀವು ಹೇಳಿದ್ರಲ್ರಿ, ಕೆಲವು ತಿಂಗಳ ಹಿಂಗ ಇರಬಹುದು ಅಂತ" ಎಂದು ಪಿಸುಗುಟ್ಟಿ ನನಗೇ ಸಮಾಧಾನ ಹೇಳಿದ. ತೆಗೆದ ಗಡ್ಡೆಯ ವರದಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದನಿಯ ವ್ಯಾಯಾಮ ಮಾಡಿದ. ಮೂರನೆಯ ತಿಂಗಳಿಗೆ ದನಿ ತುಂಬಿಕೊಂಡಿತು. ಮೇಲಿನ ಎತ್ತರ ಮಾತ್ರ ಮೊದಲಿನಂತೆ ಬರಲಿಲ್ಲ. ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕ್ ಕೊಂಡಿದ್ದೇನೆ, ಈಗ ಹಿಂದೆ ನಿಂತವರಿಗೂ ಕೇಳುತ್ತದೆ ಎಂದು ಫೋನಿನಲ್ಲಿ ನಕ್ಕ.

ಈಗ ಒಪ್ಪಿಗೆಯ ಮಾತು ನಾನೇ ಆಡುತ್ತೇನೆ. ದಿನಕ್ಕೆ ನೋಡುವ ರೋಗಿಗಳು ಕಡಿಮೆಯಾಗಿದ್ದಾರೆ. ಕೆಲವರು ಕೇಳಿ ಒಲ್ಲೆ ಎಂದು ಹೋಗುತ್ತಾರೆ. ಅವರಿಗೂ ಚೀಟಿ ಬರೆದು ಕೊಡುತ್ತೇನೆ. ನನ್ನ ಚಿತ್ರಗಳು ಚೆನ್ನಾಗಿ ಬರುವುದಿಲ್ಲ. ಮೊನ್ನೆ ಹರ್ನಿಯಾದ ಮುದುಕನೊಬ್ಬನಿಗೆ ಅರ್ಧ ತಾಸು ಬಿಡಿಸಿ ಹೇಳಿದೆ. ಎಲ್ಲ ಕೇಳಿ, ಎಲ್ಲ ತಿರುಗಿ ಒಪ್ಪಿಸಿ, "ಸಣ್ಣ ಡಾಕ್ಟ್ರನೂ ಒಂದು ಮಾತು ಕೇಳ್ಲೇನ್ರಿ?" ಎಂದ. ಎದೆಯಲ್ಲಿ ಮತ್ತೆ ಅದೇ ಉರಿ. ಇನ್ನೊಬ್ಬ ವೈದ್ಯರನ್ನು ಕೇಳುವುದೂ ನಿಮ್ಮ ಹಕ್ಕೇ ಎಂದು ಅವನಿಗೆ ಸ್ವಲ್ಪ ಹೊತ್ತಿನ ಹಿಂದೆ ಹೇಳಿದವಳು ನಾನೇ.

"ಕೇಳ್ರಿ" ಎಂದೆ. ಬಾಗಿಲು ತೆರೆದು ಹುಡುಗನನ್ನು ಕರೆದೆ.